ಹಟ್ಟಿಯ ಚಿನ್ನವೂ ಹೊಸಬರ ಪ್ರವೇಶವೂ

ನೆಲೆಯೂರಿದ ವ್ಯಾಪಾರಸಂಸ್ಥೆಯನ್ನು ಹೊಸ ಸಂಸ್ಥೆಯು ಎದುರಿಸಲಾರದೆ ಸೋಲುವುದಕ್ಕೆ ಸಾಮಾನ್ಯವಾಗಿ ಹೇಳಲ್ಪಡುವ ಕಾರಣಗಳು ಪೇಟೆಗೆ ಸಂಬಂಧಪಟ್ಟವು. ಗಿರಾಕಿಗಳು ಹಳೆಯ ಹೆಸರಿಗೆ ಒಗ್ಗಿಹೋಗಿರುತ್ತಾರೆ; ಹಳೆಯ ಸಂಸ್ಥೆಯು ಕೆಲವು ದಿನ ನಷ್ಟವನ್ನು ಸಹಿಸಿ ಬೆಲೆಯನ್ನಿಳಿಸಿ ಹೊಸಬನನ್ನು ಹೊರದೂಡಬಲ್ಲುದು; ಅಂಗಡಿಕಾರರು ಪರಿಚಿತವಾದ ಸರಕನ್ನೇ ಮುಂದಿಡುತ್ತಾರೆ. ಆದರೆ ಈ ಕಾರಣಗಳಲ್ಲಿ ಒಂದೂ ಸಲ್ಲದ ಒಂದು ಉದ್ಯಮವುಂಟು. ಅದು ಚಿನ್ನದ ಗಣಿಗಾರಿಕೆ. ಚಿನ್ನಕ್ಕೆ ಮುದ್ರೆಯ ಹೆಸರು ಬೇಕಿಲ್ಲ. ಒರೆಗೆ ಹಚ್ಚಿ ಶುದ್ಧಿ ತಿಳಿದರೆ ಸಾಕು. ಚಿನ್ನವೇ ನಾಣ್ಯಕ್ಕೆ ಆಧಾರವಾಗಿದ್ದ ಕಾಲದಲ್ಲಿ ಇಂಗ್ಲೆಂಡಿನ ಬ್ಯಾಂಕು 22 ಕ್ಯಾರಟ್ಟಿನ ಚಿನ್ನವನ್ನು ಔನ್ಸಿಗೆ 3 ಪೌಂಡು 17 ಷಿಲ್ಲಿಂಗು 9 ಪೆನ್ಸಿನಂತೆ, ಯಾರು ತಂದರೂ ಎಷ್ಟು ತಂದರೂ, ಕೊಳ್ಳುತ್ತಿದ್ದಿತು. ಆದುದರಿಂದ ಹಳೆಯ ಗಣಿಯವನು ಬೆಲೆಯನ್ನಿಳಿಸಿ ಹೊಸಬನನ್ನು ಕೆಡಿಸಲಾರನು. ಹೊಸಬನು ಬಂದುದರಿಂದ ಹಳಬನ ಮಾರಾಟಕ್ಕೆ ಒಂದು ಗುಂಜಿಯಷ್ಟೂ ಕೊರತೆಯಾಗದು. ಪೇಟೆಯ ಬಾಗಿಲು ಇಷ್ಟು ವಿಶಾಲವಾಗಿ ತೆರೆದಿದ್ದರೂ ಚಿನ್ನದ ಉದ್ಯಮದೊಳಗೆ ಹೊಸಬರು ಕಾಲಿಡುವುದು ಬೇರೆ ಅನೇಕ ಉದ್ಯಮಗಳಲ್ಲಿರುವುದಕ್ಕಿಂತ ಕಠಿನವಾಗಿದೆ. ಹೀಗಾಗುವುದಕ್ಕೆ ಕಾರಣವೇನೆಂಬುದನ್ನು ರಾಯಚೂರು ದೋಆಬಿನ ಹಟ್ಟಿಯ ಚರಿತ್ರೆಯು ಸ್ಪಷ್ಟವಾಗಿ ತೋರಿಸುತ್ತದೆ.

ಹಟ್ಟಿಯು ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಊರು. ಲಿಂಗಸುಗೂರು 1905ರವರೆಗೆ ನಿಜಾಮರ ಸಂಸ್ಥಾನದಲ್ಲಿ ತಾನೇ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿದ್ದು, ಸಿಂಧನೂರು ಕೂಡ ಆ ಜಿಲ್ಲೆಯೊಳಗಿದ್ದಿತು. ಆ ವರ್ಷ ಜಿಲ್ಲೆಯನ್ನು ಒಡೆದು ಈ ತಾಲ್ಲೂಕುಗಳನ್ನು ರಾಯಚೂರಿಗೆ ಸೇರಿಸಿದರು. ಈ ಸೀಮೆಯ ಬಹುಭಾಗ ಎರೆಹೊಲ; ಅದರ ಅಡಿಯಲ್ಲಿರುವುದು ಚಿನ್ನವಿಲ್ಲದ ಬಿಳಿಯ ಕಗ್ಗಲ್ಲು. ನಡುವೆ ಹಟ್ಟಿಯಿಂದ ಮಸ್ಕಿಯ ಕಡೆಗೆ ಕಪ್ಪುಹಸಿರು ಬಣ್ಣದ ಶಿಲೆಗಳ ಒಂದು ಪಟ್ಟಿ ಹಾಯ್ದುಹೋಗಿದೆ. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು ಇಂತಹ ಪಟ್ಟಿಗಳಿಗೆಲ್ಲ ಧಾರವಾಡದ ಹೆಸರನ್ನಿಟ್ಟು, ದಕ್ಷಿಣಭಾರತದ ಚಿನ್ನವು ಮುಖ್ಯವಾಗಿ ಇವುಗಳಲ್ಲಿಯೇ ಇರುವುದೆಂದು ತೋರಿಸಿದನು. ಈ ಶಿಲೆಗಳ ಬಿರುಕುಗಳಲ್ಲಿ ಬೆಣಚುಕಲ್ಲಿನ ಹಾಳೆಗಳು ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿದಿವೆ. ಗಣಿಯವರು ಇವನ್ನು ರೀಫುಗಳೆನ್ನುತ್ತಾರೆ. ರೀಫು ನೆಟ್ಟಗೆ ಇಳಿದಿದೆಯೆಂಬ ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಅಡ್ಡವಾಗಿ ಹರಡಿದ ಅದಿರನ್ನು ಮೇಲಿನಿಂದ ಬಗೆದು ತೆಗೆಯಬಹುದು. ನೆಟ್ಟಗೆ ಇಳಿದುದನ್ನು ಹಿಂಬಾಲಿಸಲು ಬಾವಿಯನ್ನೇ ತೋಡಬೇಕು, ಮತ್ತು ಪ್ರತಿಯೊಂದು ಅಡಿಯೂ ಹಿಂದಿನ ಅಡಿಗಿಂತ ದುಬಾರಿಯಾಗುತ್ತ ಹೋಗುತ್ತದೆ.

ಹಟ್ಟಿಯ ಗಣಿಗೆ ಇಂಗ್ಲಿಷರು ಮೊದಲಿಗರಲ್ಲ. ಅವರು ಕೆಳಗಿಳಿದಾಗ ಸುಮಾರು 640 ಅಡಿಗಳ ಆಳದವರೆಗೂ ಪ್ರಾಚೀನರು ತೋಡಿದ ಗುರುತುಗಳು ಕಂಡುಬಂದವು. ಅಲ್ಲಿ ದೊರೆತ ಮರದ ತುಂಡುಗಳನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅವುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷಗಳೆಂದು ತಿಳಿದುಬಂದಿತು. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ ಸೀಳಿಸುವುದು ಆ ಕಾಲದ ಕ್ರಮ. ಹೈದರಾಬಾದಿನ ಭೂಗರ್ಭ ಇಲಾಖೆಯ ಲೆನರ್ಡ್ ಮುನ್ನನು ಈ ಹಳೆಯ ಗಣಿಗಳನ್ನೂ ಅದಿರು ಕುಟ್ಟಿದ ಕಲ್ಲುಗುಂಡಿಗಳನ್ನೂ 1930ರ ದಶಕದಲ್ಲಿ ವಿವರಿಸಿದನು. ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಎಂಬವನು ಪುರಾತತ್ತ್ವಜ್ಞನಾಗಿರದೆ ಚಿನ್ನದ ಗಣಿಯ ಎಂಜಿನಿಯರಾಗಿದ್ದುದು ಆಕಸ್ಮಿಕವೆನ್ನಿಸುವುದಿಲ್ಲ. ಆ ಕಾಲದಲ್ಲಿ ಈ ಬೆಟ್ಟಗಳನ್ನು ಅಂಗುಲಂಗುಲವಾಗಿ ನೋಡುತ್ತಿದ್ದವರು ಗಣಿಯವರೇ. ಮೌರ್ಯರ ಕಾಲದ ಗಣಿಗಾರಿಕೆಯ ವಿವರಗಳು ಶಾಸನದಲ್ಲಿಲ್ಲ. ಆದರೆ ಕೌಟಿಲ್ಯನ ಅರ್ಥಶಾಸ್ತ್ರವು ಆಕರಗಳ ವಿಷಯದಲ್ಲಿ ಒಂದು ವಿವೇಕವನ್ನು ಹೇಳಿದೆ: ಹೆಚ್ಚು ವೆಚ್ಚವೂ ಶ್ರಮವೂ ಬೇಡುವ ಗಣಿಯನ್ನು ರಾಜನು ಪಾಲಿಗಾಗಲಿ ಗುತ್ತಿಗೆಗಾಗಲಿ ಇತರರಿಗೆ ಕೊಡತಕ್ಕದ್ದು, ಹಗುರವಾದುದನ್ನು ತಾನೇ ಮಾಡಿಸತಕ್ಕದ್ದು. ಹಟ್ಟಿಯ ವಿಷಯದಲ್ಲಿ ಕೊನೆಗೆ ನಡೆದುದು ಇದಕ್ಕೆ ವಿರುದ್ಧ.

ಚಿನ್ನದ ಕೆಲಸವೆಂದರೆ ಎಂದೆಂದಿಗೂ ದೊಡ್ಡ ಬಂಡವಾಳದ್ದೇ ಎಂದು ತಿಳಿಯಬಾರದು. ಗದಗಿನ ಬಳಿಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರೆಂಬ ಜನರು ಮಳೆಗಾಲದ ಅನಂತರ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಹೆಕ್ಕುತ್ತಿದ್ದುದನ್ನು ಫೂಟನು ನೋಡಿ ಬರೆದಿದ್ದಾನೆ. ಇವರಿಗೆ ಬೇಕಾದುದು ಒಂದು ಮರದ ತಟ್ಟೆ, ಸ್ವಲ್ಪ ನೀರು, ಕೈಯ ಹದ. ಆ ಕೆಲಸಕ್ಕೆ ಯಾರೂ ಯಾವಾಗ ಬೇಕಾದರೂ ಸೇರಬಹುದಾಗಿದ್ದಿತು, ಬಿಡಲೂಬಹುದಾಗಿದ್ದಿತು. ಬಿಟ್ಟರೆ ಕಳೆದುಹೋಗುವುದೇನೂ ಇರಲಿಲ್ಲ. ಈ ಕೊನೆಯ ಮಾತು ಮುಖ್ಯವಾದುದು. ಪ್ರವೇಶದ ಕಷ್ಟವನ್ನು ಅಳೆಯುವುದಕ್ಕೆ ಒಳಗೆ ಬರಲು ಎಷ್ಟು ಬೇಕೆಂಬುದರಷ್ಟೇ ಹೊರಗೆ ಹೋಗುವಾಗ ಎಷ್ಟು ಮರಳಿ ದೊರೆಯುವುದೆಂಬುದನ್ನೂ ಕೇಳಬೇಕು.

ಹಟ್ಟಿಯ ಬಾಗಿಲಿಗೆ ಮೊದಲು ಬಿದ್ದ ಅಗುಳಿ ಕಾಗದದ್ದು. 1886ನೆಯ ಇಸವಿಯ ಜನವರಿಯಲ್ಲಿ ನಿಜಾಮರ ಸರ್ಕಾರವು ವಾಟ್ಸನ್ ಮತ್ತು ಸ್ಟೂವರ್ಟ್ ಎಂಬ ಇಬ್ಬರು ಇಂಗ್ಲಿಷರಿಗೆ ಒಂದು ಸನ್ನದನ್ನು ಕೊಟ್ಟಿತು. ಅದರ ಪ್ರಕಾರ ಸಂಸ್ಥಾನದಲ್ಲೆಲ್ಲ ಖನಿಜಗಳನ್ನು ಹುಡುಕುವ ಹಕ್ಕು ಐದು ವರ್ಷಗಳವರೆಗೆ ಅವರಿಗೊಬ್ಬರಿಗೇ ಸೇರಿದುದು. ಹುಡುಕಿ ಆರಿಸಿಕೊಂಡ ಸ್ಥಳಗಳು 99 ವರ್ಷಗಳ ಗುತ್ತಿಗೆಯಾಗಿ ಅವರಿಗೆ ದೊರೆಯತಕ್ಕವು. ಈ ಸನ್ನದಿನ ಆಧಾರದ ಮೇಲೆ ಲಂಡನ್ನಿನಲ್ಲಿ ಹೈದರಾಬಾದ್ ಡೆಕ್ಕನ್ ಕಂಪೆನಿ ಹುಟ್ಟಿತು.

ಆ ಕಂಪೆನಿಯ ಬಂಡವಾಳದ ಲೆಕ್ಕವನ್ನು ನಿಧಾನವಾಗಿ ನೋಡುವುದು ಅಗತ್ಯ. ಬಂಡವಾಳ 10 ಲಕ್ಷ ಪೌಂಡುಗಳು. ಹತ್ತು ಪೌಂಡಿನ ಒಂದು ಲಕ್ಷ ಷೇರುಗಳು. ಇವುಗಳಲ್ಲಿ 85,000 ಷೇರುಗಳನ್ನು, ಪೂರ್ಣ ಹಣ ಸಂದಾಯವಾದಂತೆಯೇ ಲೆಕ್ಕ ಹಿಡಿದು, ಸನ್ನದನ್ನು ತಂದವರಿಗೆ ಅದರ ಪ್ರತಿಫಲವಾಗಿ ಕೊಡಲಾಯಿತು. ಹಣಕ್ಕಾಗಿ ಹೊರಡಿಸಿದವು ಉಳಿದ 15,000 ಮಾತ್ರ. ಎಂದರೆ ಕಂಪೆನಿಯ ಹೆಸರಿನಲ್ಲಿ ಕಾಣುವ ಪ್ರತಿ ನೂರು ಪೌಂಡಿನಲ್ಲಿ 85 ಪೌಂಡು ಸನ್ನದಿನ ಕಾಗದದ ಬೆಲೆ. ಬಾವಿ ತೋಡಲು, ಯಂತ್ರ ಕೊಳ್ಳಲು, ಕೂಲಿ ಕೊಡಲು ಬರಬಹುದಾದುದು ಹೆಚ್ಚೆಂದರೆ 15 ಪೌಂಡು. ಸಂಸ್ಥಾನದ ಪರವಾಗಿ ಈ ವ್ಯವಹಾರವನ್ನು ನಡಸಿದ ಅಧಿಕಾರಿ ಅಬ್ದುಲ್ ಹಕ್, ಸರ್ದಾರ್ ದಿಲೇರ್ ಜಂಗ್, ಅದೇ ಷೇರುಗಳಲ್ಲಿ ತಾನೂ ಪಾಲುಗಾರನಾಗಿದ್ದುದೂ, ನಿಜಾಮರ ಸರ್ಕಾರಕ್ಕೆ ಅವನ್ನು ಮುಖಬೆಲೆಗಿಂತ ಹೆಚ್ಚಿನ ಬೆಲೆಗೆ ಕೊಳಿಸಿದುದೂ ಬಯಲಾಗಿ, 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಾಮಾನ್ಯಸಭೆಯ ಸಮಿತಿಯೊಂದು ಈ ವಿಷಯವನ್ನು ವಿಚಾರಿಸಿತು. ಆ ಅಧಿಕಾರಿಯು ಕೆಲಸದಿಂದ ತೆಗೆಯಲ್ಪಟ್ಟನು. ಚರಿತ್ರಕಾರರು ಸಾಮಾನ್ಯವಾಗಿ ಈ ಹಗರಣದ ವ್ಯಕ್ತಿಗಳನ್ನು ಕುರಿತೇ ಬರೆದಿದ್ದಾರೆ. ಆದರೆ ಲಂಚದ ಕಥೆಗಿಂತ ಆ 85ರ ಮತ್ತು 15ರ ಪ್ರಮಾಣವೇ ಲಿಂಗಸುಗೂರಿನ ಸೀಮೆಗೆ ಹೆಚ್ಚು ಹಾನಿಕರವಾಯಿತೆಂದು ಹೇಳಬೇಕಾಗಿದೆ.

ಏಕೆಂದರೆ ಇಂತಹ ಕಂಪೆನಿಯು ತೋಡುವುದಕ್ಕಿಂತ ಹಿಡಿದುಕೊಂಡಿರುವುದರಲ್ಲಿ ಹೆಚ್ಚು ಲಾಭವನ್ನು ಕಾಣುತ್ತದೆ. ತೋಡಿದರೆ ಇರುವ ಸ್ವಲ್ಪ ಹಣವೂ ಹೋದೀತು. ತೋಡದಿದ್ದರೆ ಸನ್ನದಿನ ಬೆಲೆ ಕೆಡುವುದಿಲ್ಲ. ಅದೇ ಕಂಪೆನಿಗೆ ಸಿಂಗರೇಣಿಯ ಕಲ್ಲಿದ್ದಲೂ ಸೇರಿದ್ದಿತು. ರೈಲುಗಳಿಗೆ ಬೇಕಾದ ಕಲ್ಲಿದ್ದಲು ಬೇಗನೆ ಆದಾಯವನ್ನು ತರತೊಡಗಿದುದರಿಂದ ಚಿನ್ನದ ನೆಲದ ವಿಷಯದಲ್ಲಿ ಅದು ಆತುರಪಡಬೇಕಾದ ಕಾರಣವಿರಲಿಲ್ಲ. ಹೊಸಬನೊಬ್ಬನು ರಾಯಚೂರಿಗೆ ಬಂದು, ಹಟ್ಟಿಯ ಹಳೆಯ ಕುಳಿಗಳನ್ನು ನೋಡಿ, ಇಲ್ಲಿ ತೋಡುತ್ತೇನೆಂದು ಹೊರಟನೆಂದು ಇಟ್ಟುಕೊಳ್ಳೋಣ. ಅವನು ಸರ್ಕಾರದ ಬಳಿಗೆ ಹೋದರೆ, ಹಕ್ಕು ಕಂಪೆನಿಗೆ ಸಂದಿದೆಯೆಂಬ ಉತ್ತರ ಬರುವುದು. ಕಂಪೆನಿಯ ಬಳಿಗೆ ಹೋದರೆ ಒಳಗುತ್ತಿಗೆ ದೊರೆಯಬಹುದು. ಆದರೆ ಆ ಕಾಲದ ಲಂಡನ್ನಿನ ಗಣಿವ್ಯವಹಾರದ ರೂಢಿಯಂತೆ ಅದರ ಬೆಲೆಯಾಗಿ ಹೊಸ ಕಂಪೆನಿಯ ಷೇರುಗಳಲ್ಲಿ ದೊಡ್ಡ ಪಾಲನ್ನು ಮೊದಲೇ ಕೊಡಬೇಕು. ಕಾಗದಕ್ಕಾಗಿ ಒಮ್ಮೆ ಕಡಿತವಾದ ಬಂಡವಾಳ ಮತ್ತೊಮ್ಮೆ ಕಡಿತವಾಗುವುದು. ಹೀಗೆ ಮಾತೃಕಂಪೆನಿಯ ನೆರಳಿನಲ್ಲಿ ಮರಿಕಂಪೆನಿಗಳು ಹುಟ್ಟಿದವು. ವಂದಲಿ, ತೊಪ್ಪಲದೊಡ್ಡಿ ಮೊದಲಾದೆಡೆಗಳಲ್ಲಿ ಕೆಲಸ ನಡೆದು ನಿಂತಿತು. ಅವುಗಳಲ್ಲಿ ಸ್ವಲ್ಪ ಕಾಲ ಬಾಳಿದುದು ಹಟ್ಟಿ (ನಿಜಾಮ್ಸ್) ಚಿನ್ನದ ಗಣಿ ಕಂಪೆನಿಯೊಂದೇ.

ಇದನ್ನು ಮೈಸೂರಿನ ಕೋಲಾರದೊಡನೆ ಹೋಲಿಸಿ ನೋಡಬಹುದು. ಅಲ್ಲಿಯೂ ಆರಂಭದಲ್ಲಿ ಒಬ್ಬನಿಗೇ ಹಕ್ಕು ದೊರೆತಿದ್ದಿತು. ಮೈಕೇಲ್ ಲವೆಲ್ ಎಂಬವನು 1870ರ ದಶಕದಲ್ಲಿ ಅದನ್ನು ಪಡೆದು, ತನ್ನ ಕೈಯ ಹಣ ಸಾಲದೆ ಇತರರಿಗೆ ಮಾರಿದನು. ಆದರೆ ಅದು ಇಡೀ ಸಂಸ್ಥಾನದ ಮೇಲಿನ ಹಕ್ಕಾಗಿರಲಿಲ್ಲ. ಕೊಂಡವರು ನೆಲವನ್ನು ತುಂಡುತುಂಡಾಗಿ ಹಂಚಿದರು. ಮೈಸೂರು, ಊರಿಗಾಂ, ಚಾಂಪಿಯನ್ ರೀಫ್, ನಂದಿದುರ್ಗ ಎಂಬ ಹಲವು ಕಂಪೆನಿಗಳು ಅಕ್ಕಪಕ್ಕದಲ್ಲಿ ಒಂದೇ ರೀಫನ್ನು ಹಿಡಿದು ಇಳಿದವು. ಇವುಗಳಲ್ಲಿ ಬಹುಪಾಲು ಮೊದಲು ಕೈಸುಟ್ಟುಕೊಂಡವು. ಒಂದು ಗಣಿಯಲ್ಲಿ ರೀಫು ದೊರೆತೊಡನೆ ಅದು ಯಾವ ದಿಕ್ಕಿಗೆ ಹೋಗುತ್ತದೆಂಬುದು ನೆರೆಯ ಗಣಿಗೂ ತಿಳಿದುಬಂದಿತು. ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಒಂದೇ ವ್ಯವಸ್ಥಾಪಕ ಸಂಸ್ಥೆಯವರು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ 90 ಮೈಲುಗಳಿಗೂ ಮಿಕ್ಕಿದ ದೂರದಿಂದ ಅಲ್ಲಿಗೆ ಬಂದಾಗ ಅದರ ವೆಚ್ಚವನ್ನು ಹೊರಲು ಒಂದಲ್ಲ, ಹಲವು ಗಣಿಗಳಿದ್ದವು. ಹಟ್ಟಿಗೆ ಇಂತಹ ನೆರೆಹೊರೆ ಇರಲಿಲ್ಲ. ಒಂಟಿಯಾಗಿ ನಿಂತ ಗಣಿಯು ತನ್ನ ದಾರಿಯನ್ನೂ ತನ್ನ ನೀರನ್ನೂ ತನ್ನ ಶಕ್ತಿಯನ್ನೂ ತಾನೇ ಒದಗಿಸಿಕೊಳ್ಳಬೇಕು. ಹತ್ತಿರದ ದೊಡ್ಡ ರೈಲುನಿಲ್ದಾಣ ರಾಯಚೂರು ಸುಮಾರು 50 ಮೈಲುಗಳ ಆಚೆಗಿದ್ದಿತು. ಬಾಯ್ಲರಿನ ತುಂಡುಗಳೂ ಒನಕೆಯಂತ್ರದ ಕಬ್ಬಿಣವೂ ಎರೆಮಣ್ಣಿನ ದಾರಿಯಲ್ಲಿ ಬಂಡಿಗಳ ಮೇಲೆ ಬರಬೇಕು. ಮಳೆ ಹಿಡಿದರೆ ಆ ಮಣ್ಣಿನಲ್ಲಿ ಚಕ್ರ ತಿರುಗದೆಂಬುದನ್ನು ದೋಆಬಿನಲ್ಲಿ ಬಂಡಿ ಹೊಡೆದವರಿಗೆ ಹೇಳಬೇಕಾಗಿಲ್ಲ.

ಆದರೆ ಎಲ್ಲ ದೋಷವನ್ನೂ ಸನ್ನದಿನ ಮೇಲೆಯೇ ಹೊರಿಸಿದರೆ ವಿಷಯವನ್ನು ಅರ್ಧಮಾತ್ರ ತಿಳಿದಂತಾಗುತ್ತದೆ. ಬ್ರಿಟಿಷ್ ಆಡಳಿತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ, ಜಲಗಾರರು ತೊಳೆಯುತ್ತಿದ್ದ ಆ ಗದಗಿನ ಸೀಮೆಯಲ್ಲಿ, ಇಡೀ ನಾಡಿನ ಹಕ್ಕು ಒಂದೇ ಕಂಪೆನಿಗೆ ಸೇರಿರಲಿಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಅಲ್ಲಿಗೆ ಹಲವು ಕಂಪೆನಿಗಳು ಬಂದವು, ಯಂತ್ರಗಳನ್ನೂ ಹೂಡಿದವು. 1911ರ ಸುಮಾರಿಗೆ ಅವೆಲ್ಲ ಮುಚ್ಚಿಹೋದವು. ಬಾಗಿಲು ತೆರೆದಿದ್ದ ಕಡೆ ಒಳಬಂದವರು ಒಳಗೆಯೇ ಬಿದ್ದರು. ಕಾಗದದ ಅಗುಳಿಯ ಹಿಂದೆ ಬೇರೊಂದು ಅಗುಳಿ ಇದ್ದಿತು.

ಅದು ಯಾವುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಇಲ್ಲಿನ ಅಂಕಿಗಳು ಕೇವಲ ಉದಾಹರಣೆಗಾಗಿ ಹಿಡಿದವು. ಅವುಗಳ ಪರಸ್ಪರ ಸಂಬಂಧವೇ ಮುಖ್ಯ. ಒಂದು ಗಣಿಯು ದಿನಕ್ಕೆ 130 ಟನ್ನು ಅದಿರನ್ನು ಅರೆಯುತ್ತದೆ. ಟನ್ನಿಗೆ 6 ಗ್ರಾಂ ಚಿನ್ನವಿದ್ದು, ಹತ್ತರಲ್ಲಿ ಒಂಬತ್ತು ಭಾಗ ಕೈಗೆ ಬರುತ್ತದೆ. ದಿನದ ಉತ್ಪತ್ತಿ ಸುಮಾರು 700 ಗ್ರಾಂ. ಖರ್ಚನ್ನೂ ಚಿನ್ನದಲ್ಲಿಯೇ ಎಣಿಸೋಣ. ಒಡೆದು, ಮೇಲೆತ್ತಿ, ಪುಡಿಮಾಡಿ, ಸೈನೈಡಿನ ನೀರಿನಲ್ಲಿ ಕರಗಿಸಿ ತೆಗೆಯಲು ಟನ್ನಿಗೆ 2 ಗ್ರಾಮಿನಂತೆ 260 ಗ್ರಾಂ. ಇದಲ್ಲದೆ, ಅದಿರು ಹೆಚ್ಚಾಗಲಿ ಕಡಿಮೆಯಾಗಲಿ ತಪ್ಪದ ಖರ್ಚುಗಳುಂಟು: ಕೆಳಗಿನ ನೀರನ್ನು ಹಗಲಿರುಳೂ ಎತ್ತುವ ಪಂಪು, ಜನರನ್ನು ಇಳಿಸಿ ಏರಿಸುವ ಯಂತ್ರ, ಎಂಜಿನಿಯರುಗಳು, ಕಾವಲು. ಇದು 300 ಗ್ರಾಂ ಎನ್ನೋಣ. ಉಳಿಯುವುದು ದಿನಕ್ಕೆ ಸುಮಾರು 140 ಗ್ರಾಂ. ಈಗ ಅದೇ ಗುಣದ ಅದಿರನ್ನು ಹಿಡಿದು, ಕೈಯಲ್ಲಿರುವ ಹಣಕ್ಕೆ ತಕ್ಕಂತೆ ದಿನಕ್ಕೆ 20 ಟನ್ನನ್ನು ಅರೆಯುವ ಚಿಕ್ಕ ಸಂಸ್ಥೆಯನ್ನು ನೋಡಿ. ಉತ್ಪತ್ತಿ 108 ಗ್ರಾಂ. ಟನ್ನಿನ ಮೇಲಿನ ಖರ್ಚು 40. ತಪ್ಪದ ಖರ್ಚು ಆರರಲ್ಲಿ ಒಂದು ಭಾಗಕ್ಕೆ ಇಳಿಯುವುದಿಲ್ಲ, ಏಕೆಂದರೆ ಬಾವಿಯೊಳಕ್ಕೆ ಒಸರುವ ನೀರು ತೋಡುವವನ ಬಂಡವಾಳವನ್ನು ಕೇಳಿ ಒಸರುವುದಿಲ್ಲ. ಅದು ಅರ್ಧಕ್ಕಿಳಿದು 150 ಗ್ರಾಂ ಆಯಿತೆಂದರೂ ದಿನಕ್ಕೆ 82 ಗ್ರಾಂ ನಷ್ಟ. ಆ ಸಂಸ್ಥೆಯು ನಷ್ಟವಿಲ್ಲದೆ ನಿಲ್ಲಬೇಕಾದರೆ ದಿನಕ್ಕೆ 44 ಟನ್ನನ್ನಾದರೂ ಅರೆಯಬೇಕು. ಅಷ್ಟಕ್ಕೆ ಬೇಕಾದ ಅದಿರನ್ನು ತೆರೆದಿಡಲು ಎರಡು ಮೂರು ವರ್ಷಗಳ ಕಾಲ ಬಾವಿಯನ್ನೂ ಅಡ್ಡಸುರಂಗಗಳನ್ನೂ ತೋಡುತ್ತಲೇ ಇರಬೇಕು. ಆ ಕಾಲದಲ್ಲಿ ಒಂದು ಗುಂಜಿ ಚಿನ್ನವೂ ಬರುವುದಿಲ್ಲ.

ಹೀಗೆ ತೋಡಿದ ಬಾವಿಯ ಸ್ವಭಾವವೇ ಎರಡನೆಯ ಅಗುಳಿ. ನೂಲಿನ ಗಿರಣಿಯವನು ಸೋತರೆ ಮಗ್ಗಗಳನ್ನೂ ಕಟ್ಟಡವನ್ನೂ ಮಾರಿ ಅರ್ಧವನ್ನಾದರೂ ಮರಳಿ ಪಡೆಯುತ್ತಾನೆ. ಗಣಿಯ ಬಾವಿಯನ್ನು ಕಿತ್ತು ಬೇರೆಡೆಗೆ ಸಾಗಿಸುವಂತಿಲ್ಲ. ರೀಫು ಕೈಕೊಟ್ಟರೆ ಆ ಬಾವಿ ಬರಿಯ ಕುಳಿ. ಅಲ್ಲಿ ಹಾಕಿದ ಹಣ ಅಕ್ಷರಶಃ ಹೂಳಿದ ಹಣ. ಈಗಾಗಲೇ ಹೂಳಿದವನು ಮುಂದಿನ ಖರ್ಚನ್ನು ಮಾತ್ರ ಎಣಿಸಿ ಕೆಲಸವನ್ನು ಮುಂದುವರಿಸಬಲ್ಲನು. ಹೊಸಬನು ಮೊದಲಿನಿಂದ ಹೂಳಬೇಕಾದುದನ್ನೂ ಎಣಿಸಿಕೊಳ್ಳಬೇಕು. ಒಂದೇ ಅದಿರು, ಒಂದೇ ಬೆಲೆ. ಆದರೂ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಸಾಹಸ.

ಹಟ್ಟಿಯ ಹಳೆಯ ಕಂಪೆನಿಯ ಆಳ್ವಿಕೆ ಬಡತನದ್ದೇನೂ ಆಗಿರಲಿಲ್ಲ. 20ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಅದು ಸುಮಾರು 3,80,000 ಟನ್ನು ಅದಿರಿನಿಂದ 7.4 ಟನ್ನಿನಷ್ಟು ಚಿನ್ನವನ್ನು ತೆಗೆಯಿತೆಂದು ಲೆಕ್ಕವಿದೆ. ಇದು ಟನ್ನಿಗೆ 19 ಗ್ರಾಮಿಗಿಂತ ಹೆಚ್ಚು. ಬಹಳ ಪುಷ್ಟವಾದ ಅದಿರು. ಈ ಪುಷ್ಟಿಯಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಬಂಡವಾಳ ತೆಳುವಾಗಿರುವ ಗಣಿಯು ಪುಷ್ಟವಾದ ಭಾಗಗಳನ್ನೇ ಆರಿಸಿ ತೆಗೆಯುತ್ತದೆ, ನಡುವಣ ಸಾಮಾನ್ಯ ಅದಿರನ್ನು ಬಿಟ್ಟುಬಿಡುತ್ತದೆ. ಷೇರುದಾರರಿಗೆ ಲಾಭ ಕಾಣಿಸುತ್ತದೆ, ಗಣಿಯ ಆಯುಸ್ಸು ಕುಗ್ಗುತ್ತದೆ. ಇದನ್ನು ಪತ್ತೆಹಚ್ಚುವ ಕ್ರಮ ಸುಲಭವಾದುದು. ವರ್ಷದ ವರದಿಯಲ್ಲಿ ಚಿನ್ನದ ಔನ್ಸುಗಳನ್ನು ನೋಡದೆ, ಆ ವರ್ಷ ಅರೆದ ಅದಿರಿಗಿಂತ ಹೊಸದಾಗಿ ತೆರೆದಿಟ್ಟ ಅದಿರು ಹೆಚ್ಚೋ ಕಡಿಮೆಯೋ ಎಂಬುದನ್ನು ನೋಡಬೇಕು. ಔನ್ಸುಗಳು ಏರುತ್ತ ತೋಡಿದ ಸುರಂಗದ ಅಡಿಗಳು ಇಳಿಯುತ್ತಿದ್ದರೆ ಆ ಗಣಿಯು ತನ್ನ ಬೀಜದ ಕಾಳನ್ನೇ ಉಣ್ಣುತ್ತಿದೆಯೆಂದು ತಿಳಿಯತಕ್ಕದ್ದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯಂತ್ರ, ಉಕ್ಕು, ಕೂಲಿಗಳ ಬೆಲೆಯೇರಿತು. ಚಿನ್ನದ ಬೆಲೆ ಮಾತ್ರ ಕಟ್ಟಿಟ್ಟುದಾಗಿದ್ದಿತು. ಬಾವಿಯು ಸಾವಿರಾರು ಅಡಿಗಳ ಆಳಕ್ಕೆ ಮುಟ್ಟಿದ್ದಿತು. 1920ರ ವೇಳೆಗೆ ಹಟ್ಟಿಯ ಗಣಿ ನಿಂತಿತು, ಪಂಪುಗಳು ನಿಂತವು, ನೀರು ಮೇಲೇರಿತು.

ಇಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳು ಪ್ರಸ್ತುತ ವಿಷಯಕ್ಕೆ ಎಲ್ಲಕ್ಕಿಂತ ಉಪಯುಕ್ತವಾದ ಸಾಕ್ಷ್ಯ. ಎದುರಿಸಬೇಕಾದ ಹಳೆಯ ಸಂಸ್ಥೆ ಈಗ ಕಣದಲ್ಲಿಲ್ಲ. ಚಿನ್ನವಿದೆಯೆಂಬುದು ರುಜುವಾತಾಗಿದೆ. 1931ರಲ್ಲಿ ಇಂಗ್ಲೆಂಡು ಚಿನ್ನದ ನಾಣ್ಯಪದ್ಧತಿಯನ್ನು ಬಿಟ್ಟಿತು. 1934ರಲ್ಲಿ ಅಮೆರಿಕ ದೇಶವು ಔನ್ಸಿನ ಬೆಲೆಯನ್ನು 20.67 ಡಾಲರಿನಿಂದ 35 ಡಾಲರಿಗೆ ಏರಿಸಿತು. ಹೊಸಬನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ದೊರೆಯಲಾರದು. ಆದರೂ ಹಟ್ಟಿಯ ಗಣಿಯನ್ನು ಮತ್ತೆ ನಡಸಲು ಯಾವ ಖಾಸಗಿ ಕಂಪೆನಿಯೂ ಮುಂದಾಗಲಿಲ್ಲ. ನೀರು ತುಂಬಿದ ಬಾವಿಯನ್ನು ಬರಿದುಮಾಡಲು ಹಣ ಬೇಕು. ಬರಿದಾದ ಮೇಲೆ ಏನು ಉಳಿದಿದೆಯೆಂಬುದು ಬರಿದುಮಾಡುವವರೆಗೂ ನಿಶ್ಚಯವಾಗದು. ಈ ನಿಶ್ಚಯವಿಲ್ಲದ ಹೊರೆಯನ್ನು ಕೊನೆಗೆ ಹೊತ್ತುದು ಸರ್ಕಾರ. 1930ರ ದಶಕದ ಕೊನೆಯಲ್ಲಿ ನಿಜಾಮರ ಸರ್ಕಾರವು ಶೋಧವನ್ನು ಮತ್ತೆ ಆರಂಭಿಸಿತು; 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪೆನಿ ಸ್ಥಾಪಿತವಾಗಿ, 1948ರಲ್ಲಿ ದಿನಕ್ಕೆ ಸುಮಾರು 130 ಟನ್ನಿನ ಮಿಲ್ಲು ತಿರುಗಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. ಕಂಪೆನಿಯು ಹಟ್ಟಿಯ ಹೆಸರನ್ನೇ ತಳೆಯಿತು. ವೆಚ್ಚದ ಗಣಿಯನ್ನು ಇತರರಿಗೆ ಬಿಡಬೇಕೆಂದ ಕೌಟಿಲ್ಯನ ಮಾತು ಇಲ್ಲಿ ತಲೆಕೆಳಗಾಯಿತು. ಇತರರು ಬರಲಿಲ್ಲವಾದುದರಿಂದಲೇ ರಾಜ್ಯವು ಭಾರವಾದುದನ್ನು ತಾನೇ ಹೊತ್ತಿತು.

ಅರ್ಥಶಾಸ್ತ್ರಜ್ಞರಲ್ಲಿ ಈ ವಿಷಯವಾಗಿ ಒಂದು ಪ್ರಸಿದ್ಧವಾದ ವಾದವಿದೆ. ಅಮೆರಿಕದ ಜೋ ಬೇನ್ ಎಂಬವನು 1956ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆರಂಭಕ್ಕೆ ಬೇಕಾಗುವ ಭಾರಿ ಬಂಡವಾಳವನ್ನೂ ದೊಡ್ಡ ಪ್ರಮಾಣದ ಉತ್ಪತ್ತಿಯ ಅನುಕೂಲವನ್ನೂ ಪ್ರವೇಶದ ತಡೆಗಳಲ್ಲಿ ಎಣಿಸಿದನು. ಜಾರ್ಜ್ ಸ್ಟಿಗ್ಲರನು ಇದನ್ನೊಪ್ಪದೆ, ಹಳಬನು ಎಂದೂ ತೆರದಿದ್ದ, ಹೊಸಬನು ಮಾತ್ರ ತೆರಬೇಕಾದ ವೆಚ್ಚವನ್ನಷ್ಟೇ ತಡೆಯೆನ್ನಬೇಕೆಂದನು. ಸ್ಟಿಗ್ಲರನ ಅಳತೆಗೋಲಿನಿಂದ ನೋಡಿದರೆ ಹಟ್ಟಿಯ ಆಳ ತಡೆಯಲ್ಲ, ಮೊದಲಿನವನೂ ತೋಡಿಯೇ ಇಳಿದನಷ್ಟೆ. ಸನ್ನದು ಮಾತ್ರ ತಡೆ. ಈ ವಿಂಗಡಣೆ ತರ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ 1920ರಿಂದ ಇಪ್ಪತ್ತು ವರ್ಷ ನೀರಿನಲ್ಲಿ ಮುಳುಗಿದ್ದ ಬಾವಿಯನ್ನು ಅದು ವಿವರಿಸಲಾರದು. ಅಲ್ಲಿ ಹೊಸಬನನ್ನು ಹಿಂದೆಗೆಸಿದುದು ಹಳಬನಿಗಿಂತ ಹೆಚ್ಚಿನ ವೆಚ್ಚವಲ್ಲ, ಸೋತರೆ ಏನೂ ಮರಳಿ ಬಾರದೆಂಬ ಭಯ. ಬೇನನ ಪಕ್ಷವೇ ಹಟ್ಟಿಯ ಸಂಗತಿಗಳಿಗೆ ಹತ್ತಿರವಾಗಿ ಕಾಣುತ್ತದೆ.

ಸ್ವತಂತ್ರ ಭಾರತದಲ್ಲಿ ಕಾಗದದ ಅಗುಳಿ ಬೇರೆ ರೂಪದಲ್ಲಿ ಬಂದಿತು. 1956ರ ಕೈಗಾರಿಕಾ ನೀತಿಯ ನಿರ್ಣಯವು ಚಿನ್ನದ ಗಣಿಗಳನ್ನು ಸರ್ಕಾರಕ್ಕೆ ಮೀಸಲಾದ ಉದ್ಯಮಗಳ ಪಟ್ಟಿಯಲ್ಲಿ ಸೇರಿಸಿತು. 1993ರಲ್ಲಿ ಆ ಮೀಸಲು ತೆಗೆಯಲ್ಪಟ್ಟು ಖಾಸಗಿ ಸಂಸ್ಥೆಗಳಿಗೆ ಅವಕಾಶ ದೊರೆಯಿತು. ಆಗ ಮೊದಲು ಅರ್ಜಿ ಕೊಟ್ಟವನಿಗೆ ಮೊದಲ ಹಕ್ಕೆಂಬ ನಿಯಮವಿದ್ದುದರಿಂದ, ಹುಡುಕುವವನು ತನ್ನ ಖರ್ಚಿನಿಂದ ಕಂಡುಹಿಡಿದುದು ತನಗೇ ದೊರೆತೀತೆಂದು ನಂಬಬಹುದಾಗಿದ್ದಿತು. 2015ರ ತಿದ್ದುಪಡಿಯು ಹರಾಜಿನ ಕ್ರಮವನ್ನು ತಂದಿತು. ಹಿಂದೆ ಹುಡುಕಾಟ ನಡಸಿದ್ದವರ ಬಾಕಿಯಿದ್ದ ಅರ್ಜಿಗಳಿಗೆ ಅದರಲ್ಲಿ ರಕ್ಷಣೆಯಿದ್ದಿತಾದರೂ, 2021ರ ಮಾರ್ಚಿನ ತಿದ್ದುಪಡಿಯಿಂದ ಆ ಅರ್ಜಿಗಳು ಅನೂರ್ಜಿತವಾದವು. ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಖಾಸಗಿ ಸಂಸ್ಥೆಯೊಂದು ವರ್ಷಗಟ್ಟಲೆ ಕೊರೆದು ಪರೀಕ್ಷಿಸಿ ಗುತ್ತಿಗೆಗಾಗಿ ಹಾಕಿಕೊಂಡಿದ್ದ ಅರ್ಜಿಯೂ ಹೀಗೆಯೇ ಬಿದ್ದುಹೋಯಿತು. ಹರಾಜು ನ್ಯಾಯವಾದ ಕ್ರಮವೇ. ಒಬ್ಬಿಬ್ಬರ ಕೈಗೆ ಸನ್ನದು ಜಾರುವ 1886ರ ದಾರಿಯನ್ನು ಅದು ಮುಚ್ಚುತ್ತದೆ. ಆದರೆ ಕಲ್ಲಿನೊಳಗೆ ಏನಿದೆಯೆಂದು ತಿಳಿದಿರುವ ಕಬ್ಬಿಣದ ಅದಿರಿಗೆ ಅದು ಒಪ್ಪುವಷ್ಟು ಚಿನ್ನಕ್ಕೆ ಒಪ್ಪುವುದಿಲ್ಲ. ಚಿನ್ನದ ವಿಷಯದಲ್ಲಿ ಬಹುಪಾಲು ವೆಚ್ಚವೂ ಅಪಾಯವೂ ಇರುವುದು ಹುಡುಕಾಟದಲ್ಲಿ, ಮತ್ತು ಹುಡುಕಿದವನಿಗೆ ತೋಡುವ ಹಕ್ಕು ನಿಶ್ಚಯವಿಲ್ಲದಿದ್ದರೆ ಹುಡುಕುವುದಕ್ಕೆ ಹೊಸಬನು ಮನಸ್ಸು ಮಾಡಲಾರನು.

2001ರ ಫೆಬ್ರವರಿಯಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ಹಟ್ಟಿಯು ದೇಶದ ಮುಖ್ಯ ಚಿನ್ನದ ಗಣಿಯಾಗಿ ಉಳಿದಿದೆ. ಅದರ ಸುತ್ತಣ ಪಟ್ಟಿಗಳಲ್ಲಿ ಊಟಿ, ಹಿರಾಬುದ್ದಿನ್ನಿ ಮೊದಲಾದ ಚಿಕ್ಕ ನಿಕ್ಷೇಪಗಳು ಕಂಡುಬಂದಿವೆ. ಮೇಲೆ ಹೇಳಿದ 44 ಟನ್ನಿನ ಲೆಕ್ಕ ಇವುಗಳಿಗೆ ನೇರವಾಗಿ ಅನ್ವಯಿಸುತ್ತದೆ. ಇಂತಹ ನಿಕ್ಷೇಪವೊಂದೊಂದೂ ತನ್ನದೇ ಮಿಲ್ಲನ್ನೂ ಸೈನೈಡಿನ ತೊಟ್ಟಿಗಳನ್ನೂ ಹೊರುವಷ್ಟು ದೊಡ್ಡದಲ್ಲ. ಹಟ್ಟಿಯ ಕಂಪೆನಿಗಾದರೆ ಹೊಸ ಮಿಲ್ಲು ಬೇಕಿಲ್ಲ. ಊಟಿಯ ತೆರೆದ ಗಣಿಯಲ್ಲಿ ಒಡೆದ ಅದಿರನ್ನು ಅದು ಲಾರಿಗಳಲ್ಲಿ ಸುಮಾರು 20 ಕಿಲೋಮೀಟರು ಸಾಗಿಸಿ ತನ್ನ ಹಳೆಯ ಮಿಲ್ಲಿನಲ್ಲಿಯೇ ಅರೆದುಕೊಂಡಿತು. ಒಂದೇ ಕಲ್ಲು ಹೊಸಬನ ಕೈಯಲ್ಲಿ ಬರಿಯ ಬೆಣಚು, ಹಳಬನ ಕೈಯಲ್ಲಿ ಅದಿರು. ಹೊಸಬನು ಆ ಮಿಲ್ಲಿಗೆ ಕೂಲಿ ಕೊಟ್ಟು ತನ್ನ ಅದಿರನ್ನು ಅರೆಯಿಸಿಕೊಳ್ಳಬಹುದಾದ ಏರ್ಪಾಡು ಇದ್ದರೆ ಈ ಭೇದದ ಬಹುಭಾಗ ಇಲ್ಲವಾಗುತ್ತದೆ. ಎಣ್ಣೆಗಾಣಕ್ಕೂ ಅಕ್ಕಿಗಿರಣಿಗೂ ಅಂತಹ ಪದ್ಧತಿ ಸಿಂಧನೂರಿನ ಸೀಮೆಯಲ್ಲಿ ಹೊಸದೇನೂ ಅಲ್ಲ.